ಅಡಿಯಲ್ಲಿ 5 ಇದ್ದರೂ ಡಬ್ಬಿಯೊಳಗೆ ಗೆರೆ ಎದ್ದದ್ದು ಯಾಕೆ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರ ಇರುವವರು. ಗಲ್ಫಿನಿಂದ ಬಂದ ಅಣ್ಣ ಈ ಸಲ ಮೈಕ್ರೋವೇವ್ ತಂದುಕೊಟ್ಟಿದ್ದಾನೆ. ಹೋಟೆಲಿನ ಪಾರ್ಸೆಲ್ ಡಬ್ಬಿ, ಐಸ್‌ಕ್ರೀಮ್ ಡಬ್ಬಿ ಎಲ್ಲ ತೊಳೆದು ಇಟ್ಟುಕೊಂಡಿದ್ದೇನೆ. ಅಡಿಯಲ್ಲಿ 5 ಇದ್ದರೆ ಏನೂ ತೊಂದರೆ ಇಲ್ಲ ಅಂತ ನೆರೆಮನೆಯವರು ಹೇಳಿದರು. ಆದರೆ 5 ಇರುವ ಐಸ್‌ಕ್ರೀಮ್ ಡಬ್ಬಿಯಲ್ಲೇ ಮೀನಿನ ಗಸಿ ಬಿಸಿ ಮಾಡಿದೆ. ತೊಳೆದ ಮೇಲೆ ನೋಡಿದರೆ ಒಳಗೆ ಸುತ್ತಲೂ ಬಿಳಿಚಿದ, ದೊರಗು ಗೆರೆ ಎದ್ದಿದೆ. ಅರಶಿನದ ಬಣ್ಣವೂ ಹೋಗುತ್ತಿಲ್ಲ. ಹಾಗಾದರೆ 5 ನಂಬಬಹುದಾ? ಯಾವ ಡಬ್ಬಿ ಇಟ್ಟುಕೊಳ್ಳಲಿ, ಯಾವುದು ಬಿಸಾಡಲಿ?

ಉತ್ತರ:

ಆ ಗೆರೆ ಇರುವ ಜಾಗದಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ, ಕರಗುವ ಹಂತಕ್ಕೆ ಹೋಗಿ, ಮತ್ತೆ ಗಟ್ಟಿಯಾಗಿದೆ ಅಕ್ಕಾ. ಆ ಡಬ್ಬಿಯನ್ನು ಇನ್ನು ಬಿಸಿ ಊಟಕ್ಕೆ ಬಳಸಬೇಡಿ. ನೆರೆಮನೆಯವರು ಹೇಳಿದ್ದು ಅರ್ಧ ಸರಿ. 5 ಅಂದರೆ ಪಾಲಿಪ್ರೊಪಿಲಿನ್. ಮನೆಯಲ್ಲಿ ಸಿಗುವ ಸಾಮಾನ್ಯ ಪ್ಲಾಸ್ಟಿಕ್‌ಗಳಲ್ಲಿ ಬಿಸಿ ತಡೆಯುವುದಕ್ಕೆ ಇದೇ ಮೇಲು. ಆದರೆ ಆ ಅಂಕೆ ಡಬ್ಬಿ ಯಾವ ಪ್ಲಾಸ್ಟಿಕ್ಕಿನದ್ದು ಅಂತ ಮಾತ್ರ ಹೇಳುತ್ತದೆ. ಅದನ್ನು ಯಾವ ಕೆಲಸಕ್ಕೆ ಅಂತ ಮಾಡಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ.

ಗೆರೆ ಹೇಗೆ ಎದ್ದಿತು ಅಂತ ಮೊದಲು ನೋಡೋಣ. ಅದು ಗೊತ್ತಾದರೆ ಉಳಿದದ್ದು ಸುಲಭ.

ಮೈಕ್ರೋವೇವ್ ಮುಖ್ಯವಾಗಿ ಬಿಸಿ ಮಾಡುವುದು ಊಟದಲ್ಲಿರುವ ನೀರನ್ನು. ಪಾಲಿಪ್ರೊಪಿಲಿನ್ ಡಬ್ಬಿ ತಾನಾಗಿ ಹೆಚ್ಚು ಬಿಸಿಯಾಗುವುದಿಲ್ಲ, ಒಳಗಿನ ಊಟದಿಂದ ಅದಕ್ಕೆ ಬಿಸಿ ತಾಗುತ್ತದೆ. ನೀರು ಇರುವಷ್ಟು ಹೊತ್ತು ಊಟದ ಬಿಸಿ ಸುಮಾರು 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಅನ್ನ, ಗಂಜಿ, ಬೇಳೆ ಸಾರು ಇಂಥದ್ದಕ್ಕೆ ಅದರ ಮೇಲೆ ಏರುವ ಅವಕಾಶ ಕಡಿಮೆ. ಪಾಲಿಪ್ರೊಪಿಲಿನ್ ಕರಗುವುದು ಸುಮಾರು 160 ಡಿಗ್ರಿಯ ಆಚೀಚೆ. ಹಾಗಾಗಿ ಲೆಕ್ಕದ ಪ್ರಕಾರ ತೊಂದರೆ ಆಗಬಾರದು.

ಆದರೆ ನಮ್ಮ ಕಡೆಯ ಗಸಿ ಬರೀ ನೀರಲ್ಲ. ತೆಂಗಿನಕಾಯಿ ಅರೆದು ಹಾಕಿರುತ್ತೇವೆ, ಮೇಲಿಂದ ತೆಂಗಿನೆಣ್ಣೆ ಬೇರೆ. ಬಿಸಿಯಾಗುತ್ತಿದ್ದ ಹಾಗೆ ಎಣ್ಣೆ ಮೇಲೆ ತೇಲಿ ಬಂದು ಡಬ್ಬಿಯ ಗೋಡೆಗೆ ತಾಗಿ ನಿಲ್ಲುತ್ತದೆ. ಎಣ್ಣೆಗೆ 100 ಡಿಗ್ರಿಯ ಮಿತಿ ಇಲ್ಲ. ಮೈಕ್ರೋವೇವಿನಲ್ಲಿ ಡಬ್ಬಿಯ ಅಂಚು ಸಾಮಾನ್ಯವಾಗಿ ನಡುಭಾಗಕ್ಕಿಂತ ಬೇಗ ಕಾಯುತ್ತದೆ. ಅಂಚಿನಲ್ಲಿ ಕುದಿದು ಸಿಡಿದ ಗಸಿಯ ತೆಳು ಪದರ ಗೋಡೆಗೆ ಅಂಟಿ ಒಣಗುತ್ತದೆ. ಅದರ ನೀರು ಹಾರಿ ಹೋಗಿ ಎಣ್ಣೆ, ಮಸಾಲೆ, ಉಪ್ಪು ಮಾತ್ರ ಉಳಿಯುತ್ತದೆ. ತಣಿಸುವುದಕ್ಕೆ ಅಲ್ಲಿ ನೀರು ಇಲ್ಲ. ಆ ಸಣ್ಣ ಪಟ್ಟಿ 100 ಡಿಗ್ರಿ ದಾಟಿ ಏರುತ್ತಾ ಹೋಗುತ್ತದೆ. ಪಾಲಿಪ್ರೊಪಿಲಿನ್ ಕರಗುವುದು 160ರಲ್ಲಿ ಆದರೂ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಲು ಶುರುವಾಗುತ್ತದೆ. ನಿಮ್ಮ ಡಬ್ಬಿಯಲ್ಲಿ ಗೆರೆ ಎದ್ದದ್ದು ಎಣ್ಣೆ ನಿಂತ ಮಟ್ಟದಲ್ಲೇ ಇರಬೇಕು. ಅದರ ಕೆಳಗೆ, ಗಸಿಯಲ್ಲಿ ಮುಳುಗಿದ್ದ ಭಾಗ ನಯವಾಗಿಯೇ ಇರುತ್ತದೆ. ಒಮ್ಮೆ ಬೆರಳು ಆಡಿಸಿ ನೋಡಿ.

ಅರಶಿನದ ಕಲೆಯ ಕತೆಯೂ ಇದಕ್ಕೆ ಸೇರಿದ್ದೇ. ಅರಶಿನದ ಬಣ್ಣ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಪಾಲಿಪ್ರೊಪಿಲಿನ್‌ಗೆ ಎಣ್ಣೆಯ ಜತೆ ಸ್ನೇಹ ಜಾಸ್ತಿ. ಬಿಸಿಯಾದಾಗ ಎಣ್ಣೆ ಸ್ವಲ್ಪ ಸ್ವಲ್ಪವೇ ಪ್ಲಾಸ್ಟಿಕ್ಕಿನ ಒಳಗೆ ಇಳಿಯುತ್ತದೆ, ಬಣ್ಣವನ್ನೂ ಒಯ್ಯುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬರುವುದಿಲ್ಲ, ಯಾಕೆಂದರೆ ಕಲೆ ಮೇಲೆ ಕೂತಿಲ್ಲ. ಬರೀ ಹಳದಿ ಕಲೆ ವಿಷವಲ್ಲ, ಅದಕ್ಕೆ ಹೆದರಬೇಡಿ. ಆದರೆ ಎಣ್ಣೆ ಒಳಗೆ ಹೋಗುವ ದಾರಿ ಇದೆ ಅಂದರೆ, ಪ್ಲಾಸ್ಟಿಕ್ ತಯಾರಿಸುವಾಗ ಸೇರಿಸಿದ ಸಣ್ಣ ಪುಟ್ಟ ರಾಸಾಯನಿಕಗಳಿಗೆ ಹೊರಗೆ ಬರುವ ದಾರಿಯೂ ಅದೇ. ಬಿಸಿ ಹೆಚ್ಚಿದಷ್ಟೂ, ಎಣ್ಣೆ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಈ ಹೋಗಿ ಬರುವುದು ಜಾಸ್ತಿ. ಬಿಸಿ, ಎಣ್ಣೆ, ಹೊತ್ತು: ಈ ಮೂರನ್ನು ನೆನಪಿಟ್ಟುಕೊಳ್ಳಿ, ಅಂಕೆಗಳಿಗಿಂತ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಈಗ ಅಂಕೆಯ ವಿಷಯ. ತ್ರಿಕೋನದೊಳಗೆ 1ರಿಂದ 7ರವರೆಗೆ ಅಂಕೆ ಹಾಕುವ ಪದ್ಧತಿಯನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಶುರು ಮಾಡಿತು. ಹಳೇ ಪ್ಲಾಸ್ಟಿಕ್ ಬೇರ್ಪಡಿಸುವವರಿಗೆ ಯಾವುದು ಯಾವುದು ಅಂತ ಗೊತ್ತಾಗಲಿ ಅನ್ನುವುದೇ ಅದರ ಉದ್ದೇಶ. ನಮ್ಮಲ್ಲಿ ಹರಿತ ಕರ್ಮ ಸೇನೆಯವರು ಮನೆಮನೆಯಿಂದ ಒಯ್ದ ಪ್ಲಾಸ್ಟಿಕ್ಕನ್ನು ಬಗೆ ಬಗೆಯಾಗಿ ಬೇರ್ಪಡಿಸುತ್ತಾರಲ್ಲ, ಆ ಅಂಕೆ ಹುಟ್ಟಿದ್ದು ಅಂಥ ಕೆಲಸಕ್ಕೆ. ಅಡುಗೆಮನೆಗೆ ಸೂಚನೆ ಕೊಡುವ ಗುರುತಾಗಿ ಅದು ಯಾವತ್ತೂ ಇರಲಿಲ್ಲ.

ಓದುವಾಗ ಒಂದೆರಡು ಕಡೆ ಎಡವುವುದುಂಟು. ಡಬ್ಬಿಯ ಅಡಿಯಲ್ಲಿ ತ್ರಿಕೋನದ ಹೊರಗೂ ಅಂಕೆಗಳಿರುತ್ತವೆ. ಅಚ್ಚಿನ ನಂಬರು, ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅನ್ನುವುದು, ಗಡಿಯಾರದ ಹಾಗೆ ಬಾಣ ಇರುವ ತಯಾರಿಕೆಯ ತಿಂಗಳು. ಇವು ಯಾವುವೂ ಬೇಡ. ತ್ರಿಕೋನದ ಒಳಗಿರುವ ಅಂಕೆ ಮತ್ತು ಅದರ ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ನೋಡಿ. 5ರ ಕೆಳಗೆ ಪಿಪಿ ಅಂತ ಇರುತ್ತದೆ. ಬಣ್ಣವಿಲ್ಲದ ಡಬ್ಬಿಯಲ್ಲಿ ಗುರುತು ಕಾಣದಿದ್ದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ.

ಇನ್ನೊಂದು, ಮುಚ್ಚಳವನ್ನು ಬೇರೆಯಾಗಿ ಓದಬೇಕು. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಪಾರ್ಸೆಲಿನ ಕಪ್ಪು ಡಬ್ಬಿಗೆ 5 ಇದ್ದು, ಅದರ ಗಾಜಿನಂಥ ಮುಚ್ಚಳಕ್ಕೆ 1 ಅಥವಾ 6 ಇರಬಹುದು. ಐಸ್‌ಕ್ರೀಮ್ ಡಬ್ಬಿಗೆ 5 ಇದ್ದು, ಮೆತ್ತಗೆ ಬಾಗುವ ಮುಚ್ಚಳಕ್ಕೆ 4 ಇರಬಹುದು. ಮುಚ್ಚಿ ಮೈಕ್ರೋವೇವಿಗೆ ಇಟ್ಟರೆ ಮೊದಲು ಸೊಟ್ಟಗಾಗುವುದು ಮುಚ್ಚಳವೇ. ಅದರ ಒಳಮೈಗೆ ತಾಗಿದ ಆವಿ ನೀರಾಗಿ ನಿಮ್ಮ ಊಟಕ್ಕೇ ತೊಟ್ಟಿಕ್ಕುತ್ತದೆ.

ಉಳಿದ ಅಂಕೆಗಳಲ್ಲಿ 1ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ತಪ್ಪಾಗಿ ಬಳಕೆಯಾಗುವುದು ಇದೇ. ಇದು ಪೆಟ್, ನೀರಿನ ಬಾಟಲಿ, ಜ್ಯೂಸಿನ ಬಾಟಲಿ ಇದರದ್ದು. 70-75 ಡಿಗ್ರಿಗೆ ಬಂದರೆ ಪೆಟ್ ಬಾಟಲಿ ಮೆತ್ತಗಾಗಿ ಮುದುಡುತ್ತದೆ. ಜೀರಿಗೆ ನೀರು ಕುದಿಸಿ ಅರ್ಧಂಬರ್ಧ ಆರಿದ ಕೂಡಲೇ ಖಾಲಿ ಬಾಟಲಿಗೆ ಸುರಿದು ಮಕ್ಕಳ ಬ್ಯಾಗಿಗೆ ಹಾಕುವುದು ನಮ್ಮಲ್ಲಿ ಮಾಮೂಲು. ಬಾಟಲಿ ಮುದುಡದಿದ್ದರೂ ಬಿಸಿ ನೀರಿನಲ್ಲಿ ಅದರಿಂದ ಆಂಟಿಮನಿ ಅನ್ನುವ ಲೋಹದ ಅಂಶ ಹೊರಬರುವುದು ಹೆಚ್ಚುತ್ತದೆ, ಪೆಟ್ ತಯಾರಿಸುವಾಗ ಅದನ್ನು ಬಳಸಿರುತ್ತಾರೆ. ನೀರು ಪೂರ್ತಿ ತಣ್ಣಗಾದ ಮೇಲೆ ತುಂಬಿಸಿ, ಇಲ್ಲವಾದರೆ ಸ್ಟೀಲ್ ಬಾಟಲಿ ಕೊಡಿ. ಓವನ್ನಿಗೆ ಅಂತಲೇ ಮಾಡಿದ ಗಟ್ಟಿ ಪೆಟ್ ತಟ್ಟೆಗಳೂ ಇವೆ, ಅವಕ್ಕೂ 1 ಎಂದೇ ಇರುತ್ತದೆ. ಅಂಕೆ ಒಂದನ್ನೇ ನೋಡಿ ತೀರ್ಮಾನ ಮಾಡುವುದು ಎಷ್ಟು ಕಷ್ಟ ಅಂತ ಇದರಿಂದಲೂ ಗೊತ್ತಾಗುತ್ತದೆ.

6 ಅಂದರೆ ಪಾಲಿಸ್ಟೈರಿನ್. ಥರ್ಮೋಕೋಲ್ ತಟ್ಟೆ ಇದರದ್ದೇ, ಬಾಗಿಸಿದರೆ ಪಟಕ್ಕನೆ ಒಡೆಯುವ ಗಾಜಿನಂಥ ಲೋಟಗಳೂ ಹೆಚ್ಚಾಗಿ ಇದರದ್ದೇ. ಕುದಿಯುವ ನೀರಿನ ಬಿಸಿಗೇ ಇದು ಮೆತ್ತಗಾಗುತ್ತದೆ. ಎಣ್ಣೆ ಸೇರಿದರೆ ಸ್ಟೈರಿನ್ ಅನ್ನುವ ರಾಸಾಯನಿಕ ಊಟಕ್ಕೆ ಇಳಿಯುತ್ತದೆ. ಬಿಸಿ ಊಟಕ್ಕೆ ಇದು ಬೇಡವೇ ಬೇಡ. 3 ಅಂದರೆ ಪಿವಿಸಿ, ಅದೂ ಬೇಡ. 4 ಹಾಲಿನ ಪ್ಯಾಕೆಟಿನ ಜಾತಿ, ತಣ್ಣನೆಯ ವಸ್ತುವಿಗೆ ಸರಿ. 2 ಎಣ್ಣೆಯ ಕ್ಯಾನ್, ಗಟ್ಟಿ ಡಬ್ಬಗಳದ್ದು. ಅಕ್ಕಿ, ಬೇಳೆ, ಹುಣಸೆಹಣ್ಣು ಹಾಕಿಡಲು ಒಳ್ಳೆಯದು, ಮೈಕ್ರೋವೇವಿಗೆ ಅಲ್ಲ.

7 ಅಂದರೆ ಉಳಿದದ್ದೆಲ್ಲ. ಇದರಲ್ಲಿ ಪಾಲಿಕಾರ್ಬೊನೇಟ್ ಇದೆ, ಅದರಿಂದ ಬಿಪಿಎ ಅನ್ನುವ ರಾಸಾಯನಿಕ ಹೊರಬರಬಹುದು. ಬಿಪಿಎ ಇಲ್ಲದ ಹೊಸ ಪ್ಲಾಸ್ಟಿಕ್‌ಗಳೂ ಇವೆ, ಜೋಳದಿಂದ ಮಾಡಿದ, 60 ಡಿಗ್ರಿಗೇ ಬಾಗಿಹೋಗುವ ಲೋಟಗಳೂ ಇವೆ. ಹಾಗಾಗಿ 7 ಕಂಡರೆ ಅದರಿಂದ ಏನೂ ತಿಳಿಯುವುದಿಲ್ಲ. ಬೇರೆ ಬರಹ ಇಲ್ಲದಿದ್ದರೆ ಬಿಸಿಗೆ ಬಳಸದಿರುವುದೇ ಸರಿ. ಬಿಪಿಎ ಫ್ರೀ ಅನ್ನುವ ಬರಹವನ್ನೂ ಅದರ ಮಟ್ಟಕ್ಕೇ ಇಡಿ. 5ರಲ್ಲಿ ಬಿಪಿಎ ಮೊದಲೇ ಬಳಕೆಯಾಗುವುದಿಲ್ಲ. ಆ ಬರಹ ಬಿಸಿ ತಡೆಯುವ ಶಕ್ತಿಯ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ಮೆಲಮೈನ್ ಬಟ್ಟಲುಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪಿಂಗಾಣಿಯಂತೆ ಕಾಣುತ್ತವೆ, ಬಿದ್ದರೆ ಒಡೆಯುವುದಿಲ್ಲ, ಅದಕ್ಕೇ ಎಲ್ಲ ಮನೆಯಲ್ಲೂ ಇವೆ. ಮೈಕ್ರೋವೇವಿನಲ್ಲಿ ಇವು ಸ್ವತಃ ಬಿಸಿಯಾಗುತ್ತವೆ. ಹುಳಿ ಇರುವ ಬಿಸಿ ಸಾರಿಗೆ ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕಗಳನ್ನು ಬಿಡುತ್ತವೆ. ಮೈಕ್ರೋವೇವಿಗೆ ಇಡಲೇಬಾರದು.

ಹಾಗಾದರೆ ಮೈಕ್ರೋವೇವಿಗೆ ಅಂತ ಮಾಡಿದ ಡಬ್ಬಿಯನ್ನು ಹೇಗೆ ಗುರುತಿಸುವುದು? ಆ ಮಾತನ್ನು ಡಬ್ಬಿಯೇ ಹೇಳಬೇಕು. ಮೈಕ್ರೋವೇವ್ ಸೇಫ್ ಅಂತ ಬರೆದಿರಬೇಕು, ಇಲ್ಲವೇ ಓವನ್ನಿನ ಚೌಕದೊಳಗೆ ಅಲೆ ಅಲೆಯಾದ ಗೆರೆಗಳ ಚಿತ್ರ ಇರಬೇಕು. ಒಳ್ಳೆಯ ಡಬ್ಬಿಯಲ್ಲಿ ಎಷ್ಟು ಡಿಗ್ರಿಯವರೆಗೆ ಅಂತಲೂ ಇರುತ್ತದೆ. ಲೋಟ ಮತ್ತು ಮುಳ್ಳುಚಮಚದ ಚಿತ್ರ ಇದ್ದರೆ ಊಟಕ್ಕೆ ತಾಗಬಹುದು ಅಂತ ಅರ್ಥ ಅಷ್ಟೆ, ಬಿಸಿಗೆ ಅಂತಲ್ಲ. ಮಂಜಿನ ಹಳುಕಿನ ಚಿತ್ರ ಮಾತ್ರ ಇದ್ದರೆ ಅದು ಫ್ರೀಜರಿಗೆ.

ಈ ವ್ಯತ್ಯಾಸ ಸುಮ್ನೆ ಕಾಗದದ ಮೇಲಿನದ್ದಲ್ಲ. ಊಟಕ್ಕೆ ತಾಗುವ ಪ್ಲಾಸ್ಟಿಕ್ಕಿನಿಂದ ಎಷ್ಟು ವಸ್ತು ಹೊರಬರುತ್ತದೆ ಅಂತ ಅಳೆಯುವುದಕ್ಕೆ ಭಾರತದಲ್ಲಿ ಐಎಸ್ 9845 ಅನ್ನುವ ಮಾನದಂಡ ಇದೆ. ಒಂದು ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ಪರೀಕ್ಷೆ ಹೇಗೆ ಮಾಡುತ್ತಾರೆ ಅನ್ನುವುದು ಡಬ್ಬಿ ಯಾವ ಬಳಕೆಗೆ ಅನ್ನುವುದರ ಮೇಲಿದೆ. ತಣ್ಣಗೆ ಇಡುವ ವಸ್ತುವಿನ ಡಬ್ಬಿಗೆ 40 ಡಿಗ್ರಿಯಲ್ಲಿ 10 ದಿನ, ಬಿಸಿಯಾಗಿ ತುಂಬುವ ಡಬ್ಬಿಗೆ 70 ಡಿಗ್ರಿಯಲ್ಲಿ 2 ಗಂಟೆ, ಹೀಗೆ. ನಿಮ್ಮ ಐಸ್‌ಕ್ರೀಮ್ ಡಬ್ಬಿ ತನ್ನ ಪರೀಕ್ಷೆ ಪಾಸಾಗಿಯೇ ಬಂದಿರಬಹುದು. ಆದರೆ ಕುದಿಯುವ ಗಸಿ, ತೇಲುವ ತೆಂಗಿನೆಣ್ಣೆ ಆ ಪರೀಕ್ಷೆಯಲ್ಲಿ ಇರಲಿಲ್ಲ. ಅದರ ಗೋಡೆಯೂ ತೆಳು, ಒಂದು ಸಲ ಬಳಸಿ ಬಿಡಲಿ ಅಂತ ಮಾಡಿದ್ದು.

ಈಗ ನಿಮ್ಮ ಕಪಾಟಿಗೆ ಬರೋಣ. ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಕವುಚಿ ಹಾಕಿ. ಮೊದಲು 5 ಇದ್ದು, ಮೈಕ್ರೋವೇವಿನ ಗುರುತೂ ಇರುವುದನ್ನು ಒಂದು ಕಡೆಗೆ ಸರಿಸಿ. ಪಾರ್ಸೆಲಿನ ಕಪ್ಪು ಡಬ್ಬಿಗಳಲ್ಲಿ ಕೆಲವು ಇಲ್ಲಿಗೆ ಬರುತ್ತವೆ. ಕಪ್ಪು ಬಣ್ಣದಲ್ಲಿ ಕಲೆ ಕಾಣುವುದಿಲ್ಲ, ಹಾಗಾಗಿ ಒಳಗೆ ಬೆರಳು ಆಡಿಸಿ. ದೊರಗು ತಾಗಿದರೆ, ಅಂಚು ಸೊಟ್ಟಗಾಗಿದ್ದರೆ, ಬಿರುಕು ಕಂಡರೆ ಅದು ಮುಗಿಯಿತು. ದೊರಗು ಜಾಗದಲ್ಲಿ ಜಿಡ್ಡು ನಿಲ್ಲುತ್ತದೆ, ಸೋಪಿನಿಂದಲೂ ಪೂರ್ತಿ ಹೋಗುವುದಿಲ್ಲ. ಮುಂದಿನ ಸಲ ಅಲ್ಲೇ ಮತ್ತೆ ಬಿಸಿ ಏರುತ್ತದೆ. ನಯವಾಗಿರುವುದನ್ನು ಕೂಡ ಕೆಲವೇ ಸಲ ಬಳಸಿ, ಪಾರ್ಸೆಲ್ ಡಬ್ಬಿ ವರ್ಷಗಟ್ಟಲೆ ಬಾಳುವ ಪಾತ್ರೆಯಲ್ಲ.

5 ಇದ್ದು ಬೇರೆ ಗುರುತು ಇಲ್ಲದವು ಎರಡನೇ ಗುಂಪು. ಐಸ್‌ಕ್ರೀಮ್ ಡಬ್ಬಿ, ಮೊಸರಿನ ಡಬ್ಬಿ ಎಲ್ಲ ಇಲ್ಲಿ. ಫ್ರಿಜ್ಜಿನಲ್ಲಿ ತೆಂಗಿನ ತುರಿ ಇಡಲು, ಆರಿದ ಪಲ್ಯ ಇಡಲು, ಹಪ್ಪಳ ಸಂಡಿಗೆ ಹಾಕಿಡಲು ಚೆನ್ನಾಗಿವೆ. ಬಿಸಿ ಮಾಡುವಾಗ ಮಾತ್ರ ಊಟವನ್ನು ಬೇರೆ ಪಾತ್ರೆಗೆ ಸುರಿಯಿರಿ.

ಅಂಕೆಯೇ ಇಲ್ಲದ ಡಬ್ಬಿಗೆ ಒಂದು ಸಣ್ಣ ಪರೀಕ್ಷೆ ಇದೆ. ಅಂಚಿನಿಂದ ಒಂದು ಚೂರು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಮುಳುಗಿಸಿ ಬಿಡಿ. ಮೇಲೆ ಬಂದರೆ ಅದು 2, 4 ಅಥವಾ 5 ಇರಬಹುದು. ಮುಳುಗಿಯೇ ಇದ್ದರೆ 1, 3 ಅಥವಾ 6 ಇರುವ ಸಾಧ್ಯತೆ ಹೆಚ್ಚು. ಆದರೆ ಗಟ್ಟಿಯಾಗಲಿ ಅಂತ ಕಲ್ಲಿನ ಪುಡಿ ಬೆರೆಸಿದ 5ರ ಡಬ್ಬಿಯೂ ಮುಳುಗಬಹುದು, ಥರ್ಮೋಕೋಲ್ ಒಳಗಿನ ಗಾಳಿಯಿಂದ ತೇಲುತ್ತದೆ. ಹಾಗಾಗಿ ತೇಲಿತು ಅಂತ ಬಿಸಿ ಮಾಡಲು ಹೊರಡಬೇಡಿ. ಪ್ಲಾಸ್ಟಿಕ್ ಯಾವುದು ಅಂತ ಸ್ವಲ್ಪ ಅಂದಾಜು ಸಿಗುತ್ತದೆ, ಊಟಕ್ಕೆ ತಕ್ಕದ್ದಾ ಅಂತ ಗೊತ್ತಾಗುವುದಿಲ್ಲ.

ಗಸಿ, ಕೋಳಿ ಸಾರು, ಎಣ್ಣೆ ತೇಲುವ ಉಪ್ಪಿನಕಾಯಿ ಹಾಕಿದ ಅನ್ನ, ಬೆಲ್ಲದ ಪಾಯಸ, ಇವಕ್ಕೆ ಮೈಕ್ರೋವೇವ್ ಸೇಫ್ ಡಬ್ಬಿಯನ್ನೂ ನಾನು ಹೇಳುವುದಿಲ್ಲ. ಎಣ್ಣೆಯ ಹಾಗೆಯೇ ಗಟ್ಟಿ ಬೆಲ್ಲದ ಪಾಕವೂ 100 ಡಿಗ್ರಿ ದಾಟುತ್ತದೆ. ಬೊರೊಸಿಲಿಕೇಟ್ ಗಾಜಿನ ಬಟ್ಟಲು ಎರಡು ಇದ್ದರೆ ಮನೆಯ ಅಗತ್ಯ ಮುಗಿಯಿತು. ಚಿನ್ನದ ಬಣ್ಣದ ಅಂಚಿಲ್ಲದ ಪಿಂಗಾಣಿ ಬಟ್ಟಲೂ ಆಗುತ್ತದೆ. ಗಸಿಯನ್ನು ಅದಕ್ಕೆ ಸುರಿದು, ಮೇಲೆ ಪಿಂಗಾಣಿ ತಟ್ಟೆ ಸ್ವಲ್ಪ ಸಂದು ಬಿಟ್ಟು ಮುಚ್ಚಿ. ಪೂರ್ತಿ ಪವರ್ ಬೇಡ, ನಡುವಿನದ್ದು ಸಾಕು. ಒಂದು ನಿಮಿಷ ಆದ ಮೇಲೆ ತೆಗೆದು ಕದಡಿ, ಮತ್ತೆ ಒಂದು ನಿಮಿಷ ಇಡಿ. ಕದಡಿದರೆ ಮೇಲಿನ ಎಣ್ಣೆ ನೀರಿನ ಜತೆ ಬೆರೆತು ಅಂಚಿನ ಬಿಸಿ ಹರಡಿಕೊಳ್ಳುತ್ತದೆ. ತುಂಡು ದೊಡ್ಡದಿದ್ದರೆ ನಡುವೆ ಮುಟ್ಟಿ ನೋಡಿ, ಒಳಗೆ ತಣ್ಣಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲೇ ಮಾಡಬೇಕಾದರೆ ಅನ್ನ, ಇಡ್ಲಿ, ಪುಂಡಿಯಂಥದ್ದಕ್ಕೆ ಮಾತ್ರ. ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಳ ಸಡಿಲ ಮಾಡಿ, ಉಣ್ಣುವಷ್ಟು ಬಿಸಿಯಾದ ಕೂಡಲೇ ತೆಗೆಯಿರಿ.

ಮೈಕ್ರೋವೇವಿನ ಹೊರಗೂ ಇದೇ ಲೆಕ್ಕ. ಡಬ್ಬಿಗೆ ಹಾಕಿದ ಚಟ್ನಿಗೆ ಮೇಲಿಂದ ಒಗ್ಗರಣೆ ಸುರಿಯಬೇಡಿ. ಸಾಸಿವೆ ಚಟಪಟ ಅನ್ನುವ ಎಣ್ಣೆಯ ಬಿಸಿ ಪಾಲಿಪ್ರೊಪಿಲಿನ್ ಕರಗುವ ಬಿಸಿಯನ್ನು ಮುಟ್ಟಿರುತ್ತದೆ, ಎಷ್ಟೋ ಸಲ ದಾಟಿರುತ್ತದೆ. ಒಗ್ಗರಣೆಯನ್ನು ಸ್ಟೀಲ್ ಪಾತ್ರೆಯಲ್ಲೇ ಬೆರೆಸಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಹೋಟೆಲಿನಿಂದ ಸಾಂಬಾರು ತೆಳು ಕವರಿನಲ್ಲಿ ಕಟ್ಟಿ ಕೊಟ್ಟರೆ ಮನೆಗೆ ಬಂದ ಕೂಡಲೇ ಸುರಿದುಬಿಡಿ, ಕವರಿನಲ್ಲೇ ಮಧ್ಯಾಹ್ನದವರೆಗೆ ಇಡಬೇಡಿ. ಸ್ಟೀಲ್ ಕ್ಯಾರಿಯರ್ ಒಯ್ದರೆ ಆ ಚಿಂತೆಯೇ ಇಲ್ಲ.

ಮನೆಯಲ್ಲಿ ಪುಟ್ಟ ಮಗು ಇದ್ದರೆ ನನ್ನ ಮಾತು ಇನ್ನೂ ಬಿಗಿ. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಪಾಲಿಪ್ರೊಪಿಲಿನ್ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿದರು. 70 ಡಿಗ್ರಿಯ ನೀರು ಹಾಕಿ ಅಲ್ಲಾಡಿಸಿದಾಗ ಒಂದು ಲೀಟರಿಗೆ 1.6 ಕೋಟಿವರೆಗೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಸಿಕ್ಕವು. ನೀರು ಬಿಸಿಯಾದಷ್ಟೂ ಕಣಗಳು ಹೆಚ್ಚಾದವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2018ರಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಕ್ಕಳ ಊಟ, ಹಾಲನ್ನು ಪ್ಲಾಸ್ಟಿಕ್ಕಿನಲ್ಲಿ ಮೈಕ್ರೋವೇವ್ ಮಾಡಬೇಡಿ ಅಂದಿದೆ. ಆ ಬಾಟಲಿಗಳೂ 5ರವೇ ಅನ್ನುವುದನ್ನು ಗಮನಿಸಿ. ಮಗುವಿನ ಹಾಲಿನ ಪುಡಿಯನ್ನು ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಬಿಸಿ ನೀರಿಗೆ ಬೆರೆಸಿ, ಉಗುರುಬೆಚ್ಚಗೆ ಆದ ಮೇಲೆ ಬಾಟಲಿಗೆ ಸುರಿಯಬಹುದು. ರಾಗಿ ಸರಿ, ಗಂಜಿ ಇವನ್ನು ಪ್ಲಾಸ್ಟಿಕ್ ಬಟ್ಟಲಲ್ಲಿ ಬಿಸಿ ಮಾಡುವುದು ಬೇಡ.

ಗೆರೆ ಎದ್ದ ನಿಮ್ಮ ಡಬ್ಬಿ ಸೂಜಿ ನೂಲು ಹಾಕಿಡಲೋ ತರಕಾರಿ ಬೀಜ ಇಡಲೋ ಆಗುತ್ತದೆ. ಬೇಡವೆಂದರೆ ಬಿಸಿ ನೀರು, ಸೋಪು ಹಾಕಿ ಜಿಡ್ಡು ತೆಗೆದು, ಒಣಗಿಸಿ, ಮುಚ್ಚಳವನ್ನು ಬೇರೆ ಮಾಡಿ ಹರಿತ ಕರ್ಮ ಸೇನೆಯವರಿಗೆ ಕೊಡಿ. ಹಿತ್ತಿಲಲ್ಲಿ ಸುಡಬೇಡಿ.